ಪಾರ್ಲರ್ ಹೇರ್ ಸ್ಪಾ: ದುಡ್ಡು ಕಟ್ಟುವ ಮೊದಲು ಬಾಚಣಿಗೆಯಲ್ಲಿರೋ ಕೂದಲು ನೋಡಿ

ನಾನು ಎಂಟು ವರ್ಷ ಬೆಂಗಳೂರಿನ ಪಾರ್ಲರ್‌ಗಳಲ್ಲಿ ಕೂದಲಿನ ಕೆಲಸ ಮಾಡಿದವಳು. ಈಗ ತುಮಕೂರಿನಲ್ಲಿದ್ದೇನೆ, ಆ ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು. ಹೋದ ವರ್ಷ ಪಕ್ಕದ ಮನೆಯ ಅಕ್ಕ ಒಂದು ಪ್ಯಾಕೇಜ್ ಕಾರ್ಡ್ ಹಿಡಿದುಕೊಂಡು ಮನೆಗೆ ಬಂದರು. ತಿಂಗಳಿಗೆ ಒಂದರಂತೆ ಹನ್ನೆರಡು ಹೇರ್ ಸ್ಪಾ, ಒಂದಕ್ಕೆ 1,200 ರೂಪಾಯಿ. "ಮೂರು ಆಗಿದೆ ಕಣಮ್ಮಾ, ಮಾಡಿಸಿದ ದಿನ ಕೂದಲು ರೇಷ್ಮೆ ಥರ ಇರುತ್ತೆ, ಆದ್ರೆ ಉದುರೋದು ಮಾತ್ರ ಹಾಗೇ ಇದೆ. ಇನ್ನೂ ಒಂಬತ್ತು ಮಾಡಿಸ್ಲಾ, ಬೇಡ್ವಾ?" ಅಂತ ಕೇಳಿದರು.

ಅವರಿಗೆ ಏನು ಹೇಳಿದೆ, ಏನು ಮಾಡಿಸಿದೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದೇ ಕ್ರಮದಲ್ಲಿ ನೀವೂ ಮಾಡಿ ನೋಡಬಹುದು.

ಮೊದಲು ಉದುರಿದ ಕೂದಲನ್ನು ಎತ್ತಿಟ್ಟುಕೊಳ್ಳಿ

ತಲೆಸ್ನಾನದ ದಿನ ಬೇಡ, ಮಾಮೂಲಿ ಒಂದು ದಿನ ಬಾಚಿದಾಗ ಬಂದ ಕೂದಲನ್ನು ಬಿಸಾಡದೆ ಇಟ್ಟುಕೊಳ್ಳಿ. ಕಪ್ಪು ಬಟ್ಟೆಯ ಮೇಲೆ ಅದರಲ್ಲಿ ಇಪ್ಪತ್ತು ಎಳೆ ಬಿಡಿಸಿ ಹಾಕಿ, ಕಿಟಕಿ ಹತ್ತಿರ ಬೆಳಕಿನಲ್ಲಿ ಕೂತು ಒಂದೊಂದೇ ಎಳೆಯ ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿ ಗಂಟು ಕಂಡರೆ ಆ ಕೂದಲು ಬುಡದಿಂದ ಬಿದ್ದಿದೆ ಅಂತ ಅರ್ಥ. ಗಂಟೇ ಇಲ್ಲದೆ, ನಿಮ್ಮ ಕೂದಲಿನ ಉದ್ದಕ್ಕಿಂತ ಗಿಡ್ಡವಾಗಿದ್ದರೆ ಅದು ಮಧ್ಯದಲ್ಲಿ ಮುರಿದು ಬಿದ್ದಿರೋದು.

ಇವೆರಡೂ ಬೇರೆ ಬೇರೆ ತೊಂದರೆ. ಪಾರ್ಲರ್‌ನಲ್ಲಿ ಎರಡಕ್ಕೂ "ಹೇರ್ ಫಾಲ್" ಅಂತಲೇ ಹೇಳುತ್ತಾರೆ, ಒಂದೇ ಸ್ಪಾ ಮಾಡುತ್ತಾರೆ. ನಾನೂ ಶುರುವಿನಲ್ಲಿ ಹಾಗೇ ಹೇಳುತ್ತಿದ್ದೆ, ಯಾಕಂದ್ರೆ ನಮಗೆ ಹಾಗೇ ಹೇಳಿಕೊಟ್ಟಿದ್ದರು.

ಬುಡದಿಂದ ದಿನಕ್ಕೆ 50ರಿಂದ 100 ಕೂದಲು ಬೀಳೋದು ಮಾಮೂಲು. ಅದಕ್ಕಿಂತ ತುಂಬಾ ಜಾಸ್ತಿ ಬೀಳ್ತಾ ಇದ್ದರೆ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ಯೋಚನೆ ಮಾಡಿ. ಜೋರು ಜ್ವರ, ಡೆಂಗ್ಯೂ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇಂಥದ್ದು ಏನಾದರೂ ಆಗಿದ್ದರೆ ಕೂದಲು ಆವಾಗಲೇ ಅಲ್ಲ, ಈಗ ಬೀಳುತ್ತೆ. ರಕ್ತದಲ್ಲಿ ಕಬ್ಬಿಣದಂಶ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು. ಬೈತಲೆ ಅಗಲ ಆಗ್ತಾ ಇದ್ದರೆ ಮನೆತನದಿಂದ ಬಂದದ್ದೂ ಇರಬಹುದು. ಇದ್ಯಾವುದಕ್ಕೂ ಸ್ಪಾ ಕ್ರೀಮ್ ಏನೂ ಮಾಡಲ್ಲ. ಆ 1,200 ರೂಪಾಯಿಯನ್ನು ಚರ್ಮದ ಡಾಕ್ಟರ್ ಫೀಸಿಗೆ, ರಕ್ತ ಪರೀಕ್ಷೆಗೆ ಇಟ್ಟುಕೊಳ್ಳಿ.

ಅಕ್ಕನ ಇಪ್ಪತ್ತು ಎಳೆಯಲ್ಲಿ ಆರಕ್ಕೆ ಗಂಟು ಇತ್ತು. ಹದಿನಾಲ್ಕು ಮುರಿದಿದ್ದವು, ಬೆರಳುದ್ದದ ತುಂಡುಗಳು. ಅಂದ್ರೆ ಅವರ ಬುಡ ಚೆನ್ನಾಗಿಯೇ ಇದೆ, ಕೂದಲು ದಾರಿಯಲ್ಲಿ ಮುರೀತಾ ಇದೆ. ಸೊಂಟದ ತನಕ ಕೂದಲು ಅವರದ್ದು. ತಿಂಗಳಿಗೊಮ್ಮೆ ಮನೆಯಲ್ಲೇ ಬಿಳಿ ಕೂದಲಿಗೆ ಡೈ ಹಚ್ಚುತ್ತಾರೆ, ಬುಡಕ್ಕೆ ಮಾತ್ರ ಅಲ್ಲ, ಪ್ರತಿ ಸಲ ತುದಿ ತನಕ. ತಲೆಸ್ನಾನ ಬೋರ್ ನೀರಲ್ಲಿ, ಶಾಂಪೂ ಆದ ಮೇಲೆ ಕಂಡೀಷನರ್ ಹಚ್ಚೋ ಅಭ್ಯಾಸವೇ ಇಲ್ಲ, ಒದ್ದೆ ಇರುವಾಗಲೇ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಸಿಕ್ಕು ಬಿಡಿಸುತ್ತಾರೆ. ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಯೇ ಇರಲಿಲ್ಲ.

ಸ್ಪಾ ನಿಜವಾಗಿ ಏನು ಮಾಡುತ್ತೆ

ಒಂದು ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ಮಧ್ಯೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣ್ಣಗೆ ಜಾರುತ್ತೆ. ತುದಿಯಿಂದ ಬುಡಕ್ಕೆ ಎಳೆಯಿರಿ, ಬೆರಳಿಗೆ ಸ್ವಲ್ಪ ತಡೆದ ಹಾಗೆ ಆಗುತ್ತೆ. ಕೂದಲಿನ ಮೇಲೆ ಮೀನಿನ ಚಿಪ್ಪಿನ ಥರ ಒಂದರ ಮೇಲೊಂದು ಸಣ್ಣ ಪದರ ಇದೆ, ಅದರ ಅಂಚು ತುದಿ ಕಡೆ ಮುಖ ಮಾಡಿರುತ್ತೆ, ಅದಕ್ಕೇ ಈ ವ್ಯತ್ಯಾಸ. ಡೈ, ಬ್ಲೀಚ್, ಸ್ಟ್ರೇಟನಿಂಗ್, ಬಿಸಿಲು, ಒರಟಾಗಿ ಬಾಚೋದು, ಇವೆಲ್ಲ ಸೇರಿ ಆ ಚಿಪ್ಪಿನ ಅಂಚನ್ನು ಕಿತ್ತು ಹಾಕುತ್ತವೆ. ಆಗ ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತೆ, ಬಾಚಿದಾಗ ಮುರಿಯುತ್ತೆ.

ಕೂದಲು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. 60 ಸೆಂಟಿಮೀಟರ್ ಉದ್ದದ ಕೂದಲಿದ್ದರೆ ಅದರ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷ ಬಾಚಣಿಗೆ, ಟವೆಲ್, ಡೈ ತಿಂದಿರೋ ತುದಿ ಅದು. ಬುಡದಿಂದ ಹೊರಗೆ ಬಂದ ಕೂದಲಿಗೆ ಜೀವ ಇರಲ್ಲ, ಗಾಯ ಮಾಯುವ ಹಾಗೆ ಅದು ತಾನಾಗಿ ಮಾಯಲ್ಲ. "ಪೋಷಣೆ", "ರಿಪೇರಿ" ಅಂತ ಡಬ್ಬದ ಮೇಲೆ ಬರೆದಿರುತ್ತೆ, ಅದನ್ನು ಹಾಗೇ ನಂಬಬೇಡಿ.

ಸ್ಪಾ ಕ್ರೀಮ್ ಅಂದ್ರೆ ಗಟ್ಟಿಯಾದ ಕಂಡೀಷನರ್ ಅಷ್ಟೇ. ಡಬ್ಬ ತಿರುಗಿಸಿ ನೋಡಿ, ಸಾಮಾನ್ಯವಾಗಿ ನೀರು, ಸೆಟೈಲ್ ಅಥವಾ ಸೆಟಿಯರಿಲ್ ಆಲ್ಕೊಹಾಲ್ ಅನ್ನೋ ಮೇಣದಂಥ ಜಿಡ್ಡು, ಬೆಹೆಂಟ್ರೈಮೋನಿಯಂ ಅಥವಾ ಸೆಟ್ರೈಮೋನಿಯಂ ಕ್ಲೋರೈಡ್, ಎಷ್ಟೋ ಸಲ ಡೈಮೆಥಿಕೋನ್ ಥರದ ಸಿಲಿಕೋನ್ ಇರುತ್ತೆ. ಆಲ್ಕೊಹಾಲ್ ಅಂದಕೂಡಲೇ ಹೆದರಬೇಡಿ, ಇದು ಒಣಗಿಸೋ ಜಾತಿಯದ್ದಲ್ಲ. ಆ ಬೆಹೆಂಟ್ರೈಮೋನಿಯಂ, ಸೆಟ್ರೈಮೋನಿಯಂ ಅಂಶಕ್ಕೆ ಧನ ವಿದ್ಯುದಂಶ ಇದೆ, ಕೂದಲು ಹಾಳಾದ ಕಡೆ ಋಣ ವಿದ್ಯುದಂಶ ಜಾಸ್ತಿ, ಹಾಗಾಗಿ ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲೇ ಹೋಗಿ ಹೆಚ್ಚು ಅಂಟಿಕೊಳ್ಳುತ್ತೆ. ಎಳೆ ಎಳೆಗೆ ಜಾರಲು ಶುರುವಾಗುತ್ತೆ, ಸಿಕ್ಕು ಕಡಿಮೆ, ಮುರಿಯೋದು ಕಡಿಮೆ. ಇದು ನಿಜವಾದ ಉಪಕಾರ, ಸುಳ್ಳಲ್ಲ. ಆದರೆ ಈ ಪದರ ಶಾಂಪೂಗೆ ತೊಳೆದು ಹೋಗುತ್ತೆ. ನಾನು ನೋಡಿದ ಹಾಗೆ ಮೂರು ನಾಲ್ಕು ತಲೆಸ್ನಾನ ಆದ ಮೇಲೆ ಉಳಿದಿರೋದು ತೀರಾ ಕಡಿಮೆ. ವಾರಕ್ಕೆ ಎರಡು ಸಲ ತಲೆಸ್ನಾನ ಮಾಡಿದರೆ ಎರಡು ವಾರ, ತಿಂಗಳ ಉಳಿದ ಎರಡು ವಾರ ನಿಮ್ಮ ಹಳೇ ಕೂದಲೇ.

ಇನ್ನು ಸ್ಟೀಮ್. "ಸ್ಟೀಮ್ ಕೊಟ್ಟರೆ ಕೂದಲಿನ ರಂಧ್ರ ತೆರೆಯುತ್ತೆ" ಅಂತ ಹೇಳುತ್ತಾರಲ್ಲ, ಎಳೆಯಲ್ಲಿ ಹಾಗೆ ತೆರೆದು ಮುಚ್ಚೋ ರಂಧ್ರಗಳಿಲ್ಲ. ಬಿಸಿ ಹಬೆಗೆ ಕ್ರೀಮ್ ಮೆತ್ತಗಾಗಿ ಚೆನ್ನಾಗಿ ಹರಡುತ್ತೆ, ಕೂದಲು ನೀರು ಕುಡಿದು ಸ್ವಲ್ಪ ಊದಿಕೊಳ್ಳುತ್ತೆ, ಕ್ರೀಮ್ ಒಣಗದೆ ಹಸಿಯಾಗಿ ಉಳಿಯುತ್ತೆ. ಅಷ್ಟಕ್ಕೆ ಹತ್ತು ನಿಮಿಷ ಸಾಕು. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿದರೂ ಹೆಚ್ಚು ಕಡಿಮೆ ಇದೇ ಕೆಲಸ ಆಗುತ್ತೆ.

ಇದನ್ನು ಅಕ್ಕನ ತಲೆಯ ಮೇಲೇ ನೋಡಿದೆವು. ಮುಂದಿನ ಸಲ ಸ್ಪಾಗೆ ನಾನೂ ಜೊತೆಗೆ ಹೋದೆ. ಬೈತಲೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಅದೇ ಕ್ರೀಮ್ ಹಚ್ಚಿಸಿ, ಬಲಗಡೆಯನ್ನು ಮಾತ್ರ ಸ್ಟೀಮರ್ ಒಳಗೆ ಬಿಟ್ಟು, ಎಡಗಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲೊಂದು ದಪ್ಪ ಟವೆಲ್ ಹಾಕಿಸಿದೆ. ಆ ಹುಡುಗಿ ಪಾಪ ಬೇಸರ ಮಾಡಿಕೊಳ್ಳದೆ ಮಾಡಿಕೊಟ್ಟಳು. ತೊಳೆದ ದಿನ ಬಲಗಡೆ ತುಸು ಹೆಚ್ಚು ಮೆತ್ತಗಿದೆ ಅಂತ ಅಕ್ಕನಿಗೆ ಅನ್ನಿಸಿತು. ಎರಡನೇ ತಲೆಸ್ನಾನದ ಹೊತ್ತಿಗೆ ಯಾವ ಕಡೆ ಯಾವುದು ಅಂತ ಕಣ್ಣು ಮುಚ್ಚಿ ಹೇಳೋಕೆ ಅವರಿಗೆ ಆಗಲಿಲ್ಲ. ಒಬ್ಬರ ತಲೆಯ ಮೇಲೆ ನೋಡಿದ್ದು, ಇದರಿಂದ ಎಲ್ಲರಿಗೂ ಹೀಗೇ ಅಂತ ಹೇಳಲ್ಲ.

ಹೋಗೋದೇ ಆದ್ರೆ ಹೀಗೆ ಮಾಡಿಸಿಕೊಳ್ಳಿ

ಯಾವಾಗಾದರೂ ಒಮ್ಮೆ ಹೋಗಿ ಮಾಡಿಸಿಕೊಳ್ಳೋದರಲ್ಲಿ ತಪ್ಪೇನಿಲ್ಲ. ಯಾರೋ ತಲೆ ತಿಕ್ಕಿ ಕೊಡ್ತಾರೆ, ಒಂದು ಗಂಟೆ ಸುಮ್ನೆ ಕೂತಿರಬಹುದು, ಮನೆಯಲ್ಲಿ ಎಷ್ಟು ಜನ ಹೆಂಗಸರಿಗೆ ಅದು ಸಿಗುತ್ತೆ ಹೇಳಿ. ಆದರೆ ಕೊಟ್ಟ ದುಡ್ಡಿಗೆ ಕೆಲಸ ಸರಿಯಾಗಿ ಆಗಬೇಕು.

ತಲೆಯಲ್ಲಿ ಹುಣ್ಣು, ತುರಿಕೆ, ಹೇನು, ದಪ್ಪ ಹೊಟ್ಟು ಇದ್ದರೆ ಆ ದಿನ ಬೇಡ. ಹೊಟ್ಟು ಸಾಮಾನ್ಯವಾಗಿ ಒಣಗಿದ್ದಕ್ಕೆ ಬರೋದಲ್ಲ, ನೆತ್ತಿಯ ಜಿಡ್ಡು ತಿಂದು ಬದುಕೋ ಒಂದು ಬಗೆಯ ಫಂಗಸ್‌ಗೂ ಅದಕ್ಕೂ ನಂಟಿದೆ. ಅದರ ಮೇಲೆ ಜಿಡ್ಡಿನ ಕ್ರೀಮ್ ಹಚ್ಚಿ ತಿಕ್ಕಿದರೆ ತುರಿಕೆ ಹೆಚ್ಚಾಗಬಹುದು. ಅದಕ್ಕೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಕಿಟೊಕೊನಜೋಲ್ ಶಾಂಪೂ ಇದೆ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯೋದು, ವಾರಕ್ಕೆ ಎರಡು ಸಲ, ಕೆಲವು ವಾರ. ಅದಕ್ಕೂ ಬಗ್ಗದಿದ್ದರೆ ಡಾಕ್ಟರ್. ಹಾಗೇ ಹೊಸದಾಗಿ ಬಣ್ಣ ಹಾಕಿಸಿದ್ದರೆ ಒಂದೆರಡು ವಾರ ಸ್ಟೀಮ್ ಬೇಡ, ಬಿಸಿ ಮತ್ತು ನೀರು ಸೇರಿದರೆ ಬಣ್ಣ ಬೇಗ ಇಳಿಯುತ್ತೆ.

ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಡಬ್ಬ ತೋರಿಸಿ ಅಂತ ಕೇಳಿ. ಕೇಳೋದರಲ್ಲಿ ನಾಚಿಕೆ ಬೇಡ. ಡಬ್ಬದ ಮೇಲೆ ಹೆಸರು, ಎಕ್ಸ್‌ಪೈರಿ ಇರಬೇಕು. ನಾನು ಕೆಲಸ ಮಾಡಿದ ಒಂದು ಕಡೆ ದೊಡ್ಡ ಡಬ್ಬದ ಕ್ರೀಮನ್ನು ಬಟ್ಟಲಿಗೆ ಹಾಕಿ ನೀರು ಬೆರೆಸಿ ಇಬ್ಬರಿಗೆ ಹಂಚುತ್ತಿದ್ದರು. ಕಂಡುಹಿಡಿಯೋದು ಸುಲಭ: ಒಳ್ಳೇ ಕ್ರೀಮ್ ಬ್ರಶ್ ಎತ್ತಿದರೆ ಗಟ್ಟಿ ಮೊಸರಿನ ಹಾಗೆ ನಿಲ್ಲುತ್ತೆ, ಮಜ್ಜಿಗೆ ಥರ ಹರಿದರೆ ನೀರು ಸೇರಿದೆ. ಭುಜದ ತನಕ ಕೂದಲಿಗೆ 30ರಿಂದ 40 ಗ್ರಾಂ, ಸೊಂಟದ ತನಕ ಇದ್ದರೆ 60–70 ಗ್ರಾಂ ಬೇಕಾಗುತ್ತೆ.

ಶಾಂಪೂಗೆ ತಲೆ ಹಿಂದಕ್ಕೆ ಚಾಚುವಾಗ ಕತ್ತಿನ ಕೆಳಗೆ ಮಡಚಿದ ಟವೆಲ್ ಇಡಿಸಿಕೊಳ್ಳಿ. ಸಿಂಕಿನ ಅಂಚಿಗೆ ಕತ್ತು ಬಗ್ಗಿ ತುಂಬಾ ಹೊತ್ತು ಇದ್ದರೆ ತಲೆಸುತ್ತು ಬರಬಹುದು, ಅಪರೂಪಕ್ಕೆ ಮೆದುಳಿಗೆ ಹೋಗೋ ರಕ್ತನಾಳಕ್ಕೇ ತೊಂದರೆ ಆಗಿ ಪಾರ್ಶ್ವವಾಯು ಆದದ್ದೂ ಇದೆ. ವಯಸ್ಸಾದ ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋದರೆ ಇದನ್ನು ಮರೆಯಬೇಡಿ.

ಕ್ರೀಮನ್ನು ನೆತ್ತಿಗಲ್ಲ, ಕಿವಿಯ ಮಟ್ಟದಿಂದ ಕೆಳಗೆ ಹಚ್ಚಲು ಹೇಳಿ. ಹಾಳಾಗಿರೋ ಕೂದಲು ಇರೋದೇ ಅಲ್ಲಿ. ಸಣ್ಣ ಸಣ್ಣ ಭಾಗ ಮಾಡಿ, ಎರಡು ಅಂಗೈ ಮಧ್ಯೆ ಹಿಡಿದು ಕೆಳಮುಖವಾಗಿ ಮಾತ್ರ ಸವರಬೇಕು. ಮಸಾಜ್ ಬೆರಳ ತುದಿಯಿಂದ, ಉಗುರಿನಿಂದಲ್ಲ. ಒದ್ದೆ ಕೂದಲನ್ನು ತಲೆ ಮೇಲೆ ಗುಡ್ಡೆ ಮಾಡಿ ಗರಗರ ತಿಕ್ಕಿದರೆ ಅಲ್ಲೇ ಗಂಟು ಬಿದ್ದು ಮುರಿಯುತ್ತೆ, ಒದ್ದೆ ಇರುವಾಗ ಕೂದಲಿಗೆ ಬಲ ಕಡಿಮೆ. ಸ್ಟೀಮ್ ಬೆಚ್ಚಗಿರಬೇಕು. ಚುರುಕ್ ಅಂದ ಕೂಡಲೇ ಹೇಳಿ ನಿಲ್ಲಿಸಿ. ತಲೆನೋವು, ಉಬ್ಬಸ ಇರೋರು, ಬಸುರಿಯರು ಸ್ಟೀಮ್ ಬೇಡ ಅಂದುಬಿಡಿ, ಟವೆಲ್ ಸಾಕು.

ತೊಳೆದ ಮೇಲೆ ಒಂದು ಮಾತು ಹೇಳಲೇಬೇಕು, ಇದನ್ನು ಯಾರೂ ಹೇಳಲ್ಲ: ಮೊದಲನೇ ಸಲ ಸೀರಮ್ಮೂ ಬೇಡ, ಬ್ಲೋ ಡ್ರೈ ಕೂಡ ಬೇಡ ಅನ್ನಿ. ಕನ್ನಡಿಯಲ್ಲಿ ನಿಮಗೆ ಕಾಣೋ ಆ ಹೊಳಪು, ಆ ನೆಟ್ಟಗಿನ ಕೂದಲು, ಅದರಲ್ಲಿ ಅರ್ಧ ಸ್ಪಾದ್ದಲ್ಲ, ಸೀರಮ್‌ನ ಸಿಲಿಕೋನ್ ಮತ್ತು ಡ್ರೈಯರ್‌ನ ಕೆಲಸ. ಮುಂದಿನ ತಲೆಸ್ನಾನಕ್ಕೆ ಅದು ಹೋಗುತ್ತೆ. ಸುಮ್ನೆ ಟವೆಲಿನಲ್ಲಿ ಒತ್ತಿ, ಗಾಳಿಗೆ ಒಣಗಿಸಿ ನೋಡಿದರೆ ನಿಜವಾಗಿ ಸ್ಪಾ ಏನು ಕೊಟ್ಟಿತು ಅಂತ ಗೊತ್ತಾಗುತ್ತೆ.

ಹೊರಡುವಾಗ "ಮೇಡಂ, ನಿಮ್ಮ ಕೂದಲಿಗೆ ಸ್ಪಾ ಸಾಲಲ್ಲ, ಕೆರಾಟಿನ್ ಮಾಡಿಸಿ" ಅಂತ ಹೇಳಬಹುದು. ಅದು ದ್ರಾವಣ ಹಚ್ಚಿ, ಬಿಸಿ ಇಸ್ತ್ರಿ ಎಳೆದು ಕೂದಲು ನೆಟ್ಟಗೆ ಮಾಡೋ ಸ್ಮೂದನಿಂಗ್, ಬೇರೆಯದೇ ಟ್ರೀಟ್‌ಮೆಂಟ್. ಕೆಲವು ಸ್ಮೂದನಿಂಗ್ ದ್ರಾವಣಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ, ಕಣ್ಣು ಮೂಗು ಉರಿಯುತ್ತೆ. ಗ್ಲೈಆಕ್ಸಿಲಿಕ್ ಆಸಿಡ್ ಇರೋ ದ್ರಾವಣ ಹಾಕಿಸಿದ ಮೇಲೆ ಕಿಡ್ನಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಸ್ಪಾಗೆ ಅಂತ ಹೋದ ದಿನ ಅದಕ್ಕೆ ಒಪ್ಪಿಕೊಳ್ಳಬೇಡಿ.

ಆಮೇಲೆ ನಾಲ್ಕು ತಲೆಸ್ನಾನ ಗಮನಿಸಿ

ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಿ. ಪ್ರತಿ ತಲೆಸ್ನಾನದ ಮಾರನೇ ದಿನ ಎರಡೇ ಪ್ರಶ್ನೆ: ಸಿಕ್ಕು ಬಿಡಿಸೋಕೆ ಎಷ್ಟು ನಿಮಿಷ ಆಯ್ತು, ಬಾಚಣಿಗೆಯಲ್ಲಿ ಮುರಿದ ತುಂಡು ಎಷ್ಟು. ಅಕ್ಕನಿಗೆ ಸ್ಪಾ ಮೊದಲು ಸಿಕ್ಕು ಬಿಡಿಸೋಕೆ ಹನ್ನೆರಡು ನಿಮಿಷ ಆಗುತ್ತಿತ್ತು. ಮೊದಲನೇ ತಲೆಸ್ನಾನ ಆದ ಮೇಲೆ ಐದು, ಎರಡನೆಯದಕ್ಕೆ ಏಳು, ಮೂರನೆಯದಕ್ಕೆ ಹತ್ತು. ನಾಲ್ಕನೆಯದಕ್ಕೆ ಮತ್ತೆ ಹನ್ನೆರಡು. ಇದನ್ನು ಬರೆದು ಅವರ ಮುಂದೆ ಇಟ್ಟಾಗ ಅವರೇ ಹೇಳಿದರು, "ಹಾಗಾದ್ರೆ ಇದು ಪ್ರತಿ ತಲೆಸ್ನಾನಕ್ಕೂ ಬೇಕು, ತಿಂಗಳಿಗೊಂದು ಸಲ ಮಾಡಿ ಏನು ಪ್ರಯೋಜನ?"

ನಾನು ಹೇಳಬೇಕು ಅಂತಿದ್ದದ್ದೂ ಅದನ್ನೇ. ಇದು ನಾಲ್ಕು ನೀರಿಗೆ ಹೋಗೋ ಪದರ ಆದ್ದರಿಂದ ತಿಂಗಳಿಗೊಮ್ಮೆ ತುಂಬಾ ಹಚ್ಚೋದಕ್ಕಿಂತ ಪ್ರತಿ ತಲೆಸ್ನಾನಕ್ಕೆ ಸ್ವಲ್ಪ ಹಚ್ಚೋದೇ ಕೆಲಸಕ್ಕೆ ಬರುತ್ತೆ.

ಮನೆಯಲ್ಲಿ ಅದೇ ಕೆಲಸ

ತಲೆಸ್ನಾನಕ್ಕೆ ಒಂದು ಗಂಟೆ ಮೊದಲು, ಅಥವಾ ಹಿಂದಿನ ರಾತ್ರಿ, ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಕೂದಲ ಉದ್ದಕ್ಕೆ ಸವರಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಸರಿಯೇ ಇತ್ತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು, ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗೋದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಎಳೆಯ ಒಳಕ್ಕೆ ಇಳಿಯುತ್ತೆ, ಉಳಿದೆರಡು ಹಾಗೆ ಇಳಿಯಲ್ಲ. ನೆತ್ತಿಯಲ್ಲಿ ಹೊಟ್ಟು ಇದ್ದರೆ ಅಲ್ಲಿಗೆ ಹಚ್ಚಬೇಡಿ, ಉದ್ದಕ್ಕೆ ಮಾತ್ರ.

ಶಾಂಪೂ ನೆತ್ತಿಗೆ ಸಾಕು, ನೊರೆ ಕೆಳಗೆ ಇಳಿಯುವಾಗ ಉಳಿದದ್ದು ತೊಳೆದು ಹೋಗುತ್ತೆ. ಆಮೇಲೆ ಪ್ರತಿ ಸಲ ಕಂಡೀಷನರ್, ಎರಡು ಮೂರು ನಿಮಿಷ. ಅದು ಇನ್ನೂ ತಲೆಯಲ್ಲಿರುವಾಗಲೇ ದೊಡ್ಡ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರುತ್ತಾ ಸಿಕ್ಕು ಬಿಡಿಸಿ, ಆಮೇಲೆ ತೊಳೆಯಿರಿ. ಬೋರ್ ನೀರು ತುಂಬಾ ಗಡಸಾಗಿದ್ದರೆ ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕಿಕೊಳ್ಳಿ, ಸುಣ್ಣದ ಅಂಶ ಕೂದಲ ಮೇಲೆ ಕೂರೋದು ಸ್ವಲ್ಪ ಕಡಿಮೆ ಆಗುತ್ತೆ.

ಹದಿನೈದು ದಿನಕ್ಕೊಮ್ಮೆ ಸ್ಪಾ ಕ್ರೀಮ್ ಅಥವಾ ಹೇರ್ ಮಾಸ್ಕ್. ಅಕ್ಕ ತಂದದ್ದು 500 ಗ್ರಾಂ ಡಬ್ಬ, 700 ರೂಪಾಯಿ. ಸೊಂಟದ ತನಕ ಕೂದಲಾದ್ದರಿಂದ ಒಂದು ಸಲಕ್ಕೆ 60 ಗ್ರಾಂ ಬೇಕು, ಎಂಟು ಸಲ ಬರುತ್ತೆ, ಅಂದ್ರೆ ಸಲಕ್ಕೆ ಸುಮಾರು 90 ರೂಪಾಯಿ. ಶಾಂಪೂ ಆದ ಮೇಲೆ ನೀರು ಹಿಂಡಿ ತೆಗೆಯಿರಿ, ಇದು ಮುಖ್ಯ, ನೀರು ಸೋರ್ತಾ ಇದ್ದರೆ ಕ್ರೀಮ್ ಜಾರಿ ಹೋಗುತ್ತೆ. ಕಿವಿಯಿಂದ ಕೆಳಗೆ ಹಚ್ಚಿ, ಸಡಿಲವಾಗಿ ಸುತ್ತಿ, ಬಿಸಿ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಟವೆಲ್ ಕಟ್ಟಿ. ಕೈಯಲ್ಲಿ ಹಿಡಿಯೋಕೆ ಆಗುವಷ್ಟು ಬಿಸಿ ಸಾಕು. ಹತ್ತರಿಂದ ಹದಿನೈದು ನಿಮಿಷ, ಆರಿದರೆ ಮಧ್ಯದಲ್ಲಿ ಒಂದು ಸಲ ಟವೆಲ್ ಬದಲಿಸಿ. ಆ ದಿನ ಬೇರೆ ಕಂಡೀಷನರ್ ಬೇಡ. ತೊಳೆದ ಮೇಲೂ ಕೂದಲು ಭಾರ ಆಗಿ, ಜೋತು ಬಿದ್ದ ಹಾಗೆ, ಮಾರನೇ ದಿನಕ್ಕೇ ಜಿಡ್ಡಾದ ಹಾಗೆ ಕಂಡರೆ ಹಚ್ಚಿದ್ದು ಜಾಸ್ತಿಯಾಗಿದೆ, ಮುಂದಿನ ಸಲ ಅರ್ಧ ಮಾಡಿ. ಸಣ್ಣ ಎಳೆಯ ತೆಳು ಕೂದಲಿನವರಿಗೆ ಇದು ಬೇಗ ಆಗುತ್ತೆ.

ಹಾಗಾದ್ರೆ ಪಾರ್ಲರ್ ಸ್ಪಾ ಯಾರಿಗೆ, ಎಷ್ಟು ಸಲ

ಬಣ್ಣ, ಬ್ಲೀಚ್, ಸ್ಟ್ರೇಟನಿಂಗ್ ಏನೂ ಮಾಡಿಸದ, ಕಂಡೀಷನರ್ ಹಚ್ಚೋ ಅಭ್ಯಾಸ ಇರೋರಿಗೆ ತಿಂಗಳ ಸ್ಪಾದಿಂದ ಕೂದಲಿಗೆ ಆಗೋ ಲಾಭ ಹುಡುಕಿದರೂ ಸಿಗಲ್ಲ. ಆರಾಮಕ್ಕೆ ಅಂತ ಹೋಗೋದಾದ್ರೆ ಹೋಗಿ. ಬ್ಲೀಚ್ ಮಾಡಿಸಿ ತಿಳಿ ಬಣ್ಣ ಹಾಕಿಸಿದವರಿಗೆ, ಸ್ಟ್ರೇಟನಿಂಗ್ ಆಗಿ ತುದಿ ಪೊರಕೆ ಥರ ಆದವರಿಗೆ, ಕೈನೋವಿನಿಂದ ಉದ್ದ ಕೂದಲಿಗೆ ತಾವೇ ಹಚ್ಚಿಕೊಳ್ಳೋಕೆ ಆಗದವರಿಗೆ ಮೂರು ನಾಲ್ಕು ತಿಂಗಳು ತಿಂಗಳಿಗೊಂದು ಸಲ ಹೋಗೋದರಲ್ಲಿ ಅರ್ಥ ಇದೆ. ಅವರೂ ನಡುವೆ ಮನೆಯಲ್ಲಿ ಹಚ್ಚಬೇಕು, ಸೀಳಿದ ತುದಿಯನ್ನು ಎರಡು ಇಂಚಾದರೂ ಕತ್ತರಿಸಬೇಕು. ಸೀಳಿದ ತುದಿಯನ್ನು ಯಾವ ಕ್ರೀಮೂ ಕೂಡಿಸಲ್ಲ, ತೊಳೆಯೋ ತನಕ ಅಂಟಿಸಿ ಹಿಡಿದಿರುತ್ತೆ ಅಷ್ಟೇ. ಯಾರೇ ಆಗಲಿ, ಹನ್ನೆರಡು ಸಲದ ದುಡ್ಡು ಮೊದಲೇ ಕಟ್ಟಬೇಡಿ.

ಅಕ್ಕ ದುಡ್ಡು ಪೂರ್ತಿ ಕಟ್ಟಿರಲಿಲ್ಲ, ಪುಣ್ಯ, ಪ್ರತಿ ಸಲ ಕಟ್ಟೋ ಕಾರ್ಡ್ ಅದು. ನಿಲ್ಲಿಸಿಬಿಟ್ಟರು. ಮೂರು ಇಂಚು ತುದಿ ಕತ್ತರಿಸಿದೆವು. ಡೈ ಈಗ ಹೊಸದಾಗಿ ಬೆಳೆದ ಬುಡದ ಬಿಳಿ ಕೂದಲಿಗೆ ಮಾತ್ರ, ಹಳೇ ಬ್ರಶ್‌ನಲ್ಲಿ ಹಚ್ಚುತ್ತಾರೆ, ತುದಿಗೆ ಮುಟ್ಟಿಸಲ್ಲ. ನಾಲ್ಕು ತಿಂಗಳಾದ ಮೇಲೆ ಮತ್ತೆ ಅದೇ ಕಪ್ಪು ಬಟ್ಟೆ ಹಾಸಿ ಇಪ್ಪತ್ತು ಎಳೆ ಬಿಡಿಸಿ ನೋಡಿದೆವು, ಮುರಿದದ್ದು ಐದು. ದೊಡ್ಡ ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ಮೊದಲು ಒಂದು ಸ್ಪಾ ಮಾಡಿಸಿಕೊಂಡು ಬಂದರು, ಆ ಸಲ ಸೀರಮ್ಮು, ಬ್ಲೋ ಡ್ರೈ ಎಲ್ಲ ಹಾಕಿಸಿಕೊಂಡು.